ಅಮರಮ್ಮನ ಹೂಂ

ಕಥೆ ಹೇಳುವವರಿಗೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಮಗು ಮಲಗಿತೆಂದು ತಿಳಿದು ಅಜ್ಜಿ ಕಥೆಯನ್ನು ಅಲ್ಲಿಗೇ ಬಿಟ್ಟು ಮಗ್ಗುಲಾಗುತ್ತಾಳೆ. ಇಷ್ಟು ಸಣ್ಣ ಪದ್ಧತಿಯನ್ನು ನಂಬಿ ಒಂದು ಊರು ತನ್ನ ಜೀವವನ್ನು ಹಗ್ಗಕ್ಕೆ ನೇತುಹಾಕಿತ್ತು ಎಂದರೆ ಹೊರಗಿನವರು ನಗುತ್ತಾರೆ. ಹೊನ್ನತಳದವರು ಈಗ ನಗುವುದಿಲ್ಲ.

ಹೊನ್ನತಳ ಒಂದು ಕಾಲದಲ್ಲಿ ಬಂಗಾರದ ಗಣಿ. ಬಂಗಾರ ಮುಗಿದ ಮೇಲೆ ಗಣಿಗೆ ಇಳಿಯುವ ಆಳದ ಬಾವಿ ಹಾಳುಬಿದ್ದಿತ್ತು. ಬರಬರುತ್ತಾ ಆ ಸೀಮೆಯ ಬೇಸಿಗೆ ಮನುಷ್ಯರು ತಾಳುವಂಥದ್ದಾಗಿ ಉಳಿಯಲಿಲ್ಲ. ಮೇಲೆ ಬಿಸಿಲು ಸುಡುತ್ತಿತ್ತು. ತೀರಾ ಆಳಕ್ಕೆ ಇಳಿದರೆ ಭೂಮಿಯ ಒಡಲ ಕಾವಿಗೆ ಬಂಡೆಯೇ ಸುಡುತ್ತಿತ್ತು. ನಡುವೆ, ಅರ್ಧ ಕಿಲೋಮೀಟರ್ ಕೆಳಗೆ, ಗಾಳಿಯಾಡಿಸಿದರೆ ಬದುಕಬಹುದಾದ ಒಂದು ಪದರವಿತ್ತು. ಅಲ್ಲಿ ಹಳೆಯ ಸುರಂಗಗಳನ್ನು ಅಗಲಮಾಡಿ ಮನೆ ಕಟ್ಟಿದರು, ಶಾಲೆ ಮಾಡಿದರು, ಒಂದು ಗುಡಿ, ಒಂದು ದರ್ಗಾ, ಎರಡು ಮಿರ್ಚಿ ಅಂಗಡಿಯೂ ಆದವು. ಆ ಮನೆಗಳಿಗೆ ತಂಪುಮನೆ ಎಂದು ಹೆಸರು. ಬಾವಿಯನ್ನು ನೋಡಿಕೊಳ್ಳುತ್ತಿದ್ದ ಗಣಿಮಂಡಳಿಯ ಕೆಲಸದಲ್ಲಿದ್ದವರಿಗೆ ಮಾತ್ರ ತಂಪುಮನೆ. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು. ಉಳಿದವರು ಮೇಲೆ, ಬಯಲಿನ ತಗಡಿನ ಮನೆಗಳಲ್ಲಿ ಬೇಯುತ್ತಿದ್ದರು.

ಮೇಲಕ್ಕೂ ಕೆಳಕ್ಕೂ ಜನರನ್ನು ಸಾಗಿಸುವ ಕಬ್ಬಿಣದ ಪಂಜರವನ್ನು ಊರವರು ತೊಟ್ಟಿಲು ಎನ್ನುತ್ತಿದ್ದರು. ಮೇಲಿನ ನಿಯಂತ್ರಣ ಕೋಣೆಯ ಪಕ್ಕದಲ್ಲಿ ಮನೆಯಷ್ಟು ದೊಡ್ಡ ಉರುಳೆ. ಅದಕ್ಕೆ ಸುತ್ತಿದ ಉಕ್ಕಿನ ಹಗ್ಗದ ತುದಿಯಲ್ಲಿ ತೊಟ್ಟಿಲು. ಬಾವಿಯ ಗೋಡೆಯ ಬಂಡೆ ಸದಾ ಮಿಸುಕುತ್ತಿದ್ದುದರಿಂದ ತೊಟ್ಟಿಲು ಜಾರುವ ಹಳಿಗಳು ಅಲ್ಲಲ್ಲಿ ಡೊಂಕಾಗುತ್ತಿದ್ದವು, ನಿನ್ನೆ ಇದ್ದಷ್ಟೇ ಡೊಂಕು ಇವತ್ತು ಇರುತ್ತಿರಲಿಲ್ಲ. ಗಣಕಯಂತ್ರಗಳು ಈ ಡೊಂಕಿನ ಎದುರು ಸೋತವು. ಆಗ ಬಂದದ್ದು ನರಪಟ್ಟಿ. ಹಣೆಗೆ ಕಟ್ಟಿಕೊಂಡರೆ ಹಗ್ಗದ ಎಳೆತ ಸ್ವಂತ ತೋಳಿನಲ್ಲೇ ಎಳೆದಂತೆ ತಿಳಿಯುತ್ತದೆ. ಸೇದುವ ಬಾವಿಯಲ್ಲಿ ಕೊಡ ಕಲ್ಲಿಗೆ ತಾಗಿದ್ದು ಹೆಣ್ಣುಮಕ್ಕಳ ಕೈಗೆ ತಿಳಿಯುವ ಹಾಗೆ. ‘ಮೆಲ್ಲಗೆ’ ಎಂದು ತೋಳು ಅಂದುಕೊಂಡರೆ ಸಾಕು, ಉರುಳೆ ಮೆಲ್ಲಗಾಗುತ್ತದೆ.

ಅದಕ್ಕೊಂದು ಕೆಟ್ಟ ಗುಣವಿತ್ತು. ಕಟ್ಟಿಕೊಂಡವರ ಮನಸ್ಸು ನಡುವೆ ಇಲ್ಲವಾದರೆ ಪಟ್ಟಿ ಅವರ ಕೊನೆಯ ಇಚ್ಛೆಯನ್ನೇ ಹಿಡಿದು ಕೂತುಬಿಡುತ್ತಿತ್ತು. ‘ಇಳಿ’ ಎಂದಿದ್ದರೆ ಇಳಿಯುತ್ತಲೇ ಇರಬೇಕು. ಅದಕ್ಕಾಗಿ ಯಂತ್ರ ಆಗಾಗ ಕೇಳಬೇಕು, ಪಟ್ಟಿಯವರು ಉತ್ತರಿಸಬೇಕು, ಉತ್ತರ ಬಾರದಿದ್ದರೆ ತುರ್ತು ಬ್ರೇಕ್ ಉರುಳೆಯನ್ನು ಕಚ್ಚಬೇಕು ಎಂದು ಗೊತ್ತುಮಾಡಿದರು. ರಾಜಧಾನಿಯ ಎಂಜಿನಿಯರುಗಳು ‘ದಯವಿಟ್ಟು ತಮ್ಮ ಉಪಸ್ಥಿತಿಯನ್ನು ದೃಢಪಡಿಸಿ’ ಎಂದು ಯಂತ್ರಕ್ಕೆ ಕಲಿಸಿ ಕಳಿಸಿದ್ದರು. ಅದು ಹೇಳಿ ಮುಗಿಸುವಷ್ಟರಲ್ಲಿ ತೊಟ್ಟಿಲು ತಳ ಮುಟ್ಟುತ್ತಿತ್ತು. ಊರವರು ಅದನ್ನು ತೆಗೆಸಿ, ತಮ್ಮ ಮಾತಿನಲ್ಲಿ, ‘ಅದೀರೇನು?’ ಎಂದು ಕೇಳಿಸಿದರು. ಇದ್ದೀರಾ ಅಂತ. ಉತ್ತರ, ‘ಹೂಂ’. ಪ್ರಶ್ನೆಯೂ ಉತ್ತರವೂ ತೊಟ್ಟಿಲಿನೊಳಗಿನ ಸ್ಪೀಕರಿನಲ್ಲೂ, ಕೆಳಗೆ ತಂಪುಮನೆಯ ಚೌಕದ ಸ್ಪೀಕರಿನಲ್ಲೂ ಕೇಳುತ್ತಿದ್ದವು. ಮಕ್ಕಳು ಜೊತೆಗೆ ಹೂಂ ಅನ್ನುತ್ತಿದ್ದವು, ಮೊದಲು ನಕ್ಕ ದೊಡ್ಡವರೂ ಆಮೇಲೆ ಅನ್ನತೊಡಗಿದರು.

ಹೂಂ ಯಾರದಾದರೂ ಯಂತ್ರಕ್ಕೆ ಒಂದೇ. ಮೂಗಿನಲ್ಲಿ ಹೊರಡುವ ಅಷ್ಟು ಗಿಡ್ಡ ದನಿಯಲ್ಲಿ ಅದು ಯಾರ ಗುರುತನ್ನೂ ಹಿಡಿಯಲಾರದು. ಮನೆಯಲ್ಲಿ ಹೆಂಡತಿಯ ಮಾತಿಗೆ ಕೇಳದೆಯೇ ಹೂಂಗುಟ್ಟುವ ಗಂಡಸರು ಊರ ತುಂಬ ಇದ್ದರೂ, ಹೂಂ ಅನ್ನುವುದು ಎಚ್ಚರದ ಗುರುತೇ ಎಂದು ಯಾರೂ ತಕರಾರು ತೆಗೆಯಲಿಲ್ಲ.

ಪಟ್ಟಿ ಕಟ್ಟಿಕೊಂಡು ತೊಟ್ಟಿಲು ನಡೆಸುವವರಲ್ಲಿ ಅಮರಮ್ಮನ ಕೈ ಹಗುರ ಎಂದು ಹೆಸರಾಗಿತ್ತು. ಬಾಣಂತಿಯರು ಆಕೆಯ ಪಾಳಿ ನೋಡಿಕೊಂಡು ಇಳಿಯುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ದೀಪಗಳನ್ನು ನೋಡುತ್ತಾ ತೊಟ್ಟಿಲು ಎಲ್ಲಿದೆ ಎಂದು ಕೂಗಿ ಹೇಳುವ ಕೆಲಸ ಹುಸೇನಮ್ಮನದು. ಇಬ್ಬರೂ ಒಂದೇ ಓಣಿಯಲ್ಲಿ ಹುಟ್ಟಿ, ಒಂದೇ ಅಜ್ಜಿಯ ಕಥೆಗೆ ಹೂಂಗುಟ್ಟಿ ಬೆಳೆದವರು. ಆ ಅಜ್ಜಿ ಹುಸೇನಮ್ಮನ ಅಜ್ಜಿ. ಅಮರಿಯ ಹೂಂ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಹೋಗುತ್ತದೆ, ಮುಂದೇನಾಯ್ತು ಎಂದು ಕೇಳುವ ಹಾಗೆ.

ಒಂದು ದಿನ ಮಧ್ಯಾಹ್ನ, ಜನ ತುಂಬಿದ ತೊಟ್ಟಿಲು ಅರ್ಧ ದಾರಿಯಲ್ಲಿದ್ದಾಗ, ಯಂತ್ರ ‘ಅದೀರೇನು?’ ಅಂದಿತು. ಉತ್ತರ ಬರಲಿಲ್ಲ. ಹುಸೇನಮ್ಮ ತಿರುಗಿ ನೋಡಿದಳು. ಅಮರಮ್ಮನ ಕಣ್ಣುಗಳು ತೆರೆದಿದ್ದವು, ನೋಟ ಎಲ್ಲೂ ಇರಲಿಲ್ಲ. ಬಾಯಿ ಎಲೆಅಡಿಕೆ ಮೆಲ್ಲುವಂತೆ ಆಡುತ್ತಿತ್ತು, ಬೆರಳುಗಳು ಸೀರೆಯ ಅಂಚನ್ನು ಚಿವುಟುತ್ತಿದ್ದವು. ತುರ್ತು ಬ್ರೇಕ್ ಕಚ್ಚಿದರೆ ಒಳಗಿನವರ ಮೊಣಕಾಲು ಮುರಿಯುತ್ತದೆ ಎನ್ನುವುದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು. ಹುಸೇನಮ್ಮ ‘ಹೂಂ’ ಅಂದಳು. ಅಂದವಳೇ ಪಟ್ಟಿಯನ್ನು ಗೆಳತಿಯ ಹಣೆಯಿಂದ ಕಿತ್ತಳು. ಪಟ್ಟಿ ತೆಗೆದರೆ ಯಂತ್ರ ಕೈಯ ಸನ್ನೆಕೋಲಿನ ವಶಕ್ಕೆ ಬರುತ್ತದೆ. ಅದನ್ನು ಎಳೆದು, ಹೇಗೋ ತೊಟ್ಟಿಲನ್ನು ತಳಕ್ಕೆ ಮುಟ್ಟಿಸಿದಳು.

ಸ್ವಲ್ಪ ಹೊತ್ತಿಗೆ ಅಮರಮ್ಮ ಕಣ್ಣು ಮಿಟುಕಿಸಿದಳು. “ಪಟ್ಟಿ ಯಾಕ ತಗದಿ?” ಅಂದಳು. ಮತ್ತೆ ಅದನ್ನೇ ಕೇಳಿದಳು. ನಡೆದದ್ದು ಏನೂ ನೆನಪಿರಲಿಲ್ಲ.

“ಎಷ್ಟು ದಿನದಿಂದ ಐತಿ ಇದು?”

ಅಮರಮ್ಮ ಸೀರೆಯ ಅಂಚನ್ನು ನೆಟ್ಟಗೆ ಮಾಡಿಕೊಳ್ಳುತ್ತಾ ಹೇಳಿದಳು, “ಹೋದ ದೀಪಾವಳಿಯಿಂದ. ಒಮ್ಮೊಮ್ಮೆ. ಮನಿಯಾಗ ಆಗಿತ್ತು, ಇಲ್ಲಿ ಇದೇ ಮೊದಲು. ಯಾರ ಮುಂದೂ ಹೇಳಬ್ಯಾಡ ಹುಸೇನಿ.”

“ಹೂಂ,” ಅಂದಳು ಹುಸೇನಮ್ಮ.

ಹೇಳಬೇಡ ಎನ್ನುವುದಕ್ಕೆ ಕಾರಣ ಕೇಳುವ ಅಗತ್ಯವಿರಲಿಲ್ಲ. ಅಮರಮ್ಮನ ಗಂಡ ಸಂಗಣ್ಣನ ಹೃದಯ ಸೋತಿತ್ತು. ತಂಪುಮನೆಯಲ್ಲಿ ಆತ ಗೋಡೆ ಹಿಡಿದುಕೊಂಡಾದರೂ ಓಡಾಡುತ್ತಿದ್ದ, ಮಗಳು ಶಾಂಭವಿಯ ಜೊತೆ ಚೌಕಾಬಾರ ಆಡುತ್ತಾ ಕಳ್ಳಾಟ ಆಡಿ ಗೆಲ್ಲುತ್ತಿದ್ದ. ಬಯಲಿನ ಒಂದು ಬೇಸಿಗೆಯನ್ನು ಆತ ತಾಳಲಾರ ಎಂದು ಎಲ್ಲರಿಗೂ ಗೊತ್ತಿತ್ತು. ಪಟ್ಟಿ ಹೋದರೆ ಕೆಲಸ ಹೋಯಿತು, ಕೆಲಸ ಹೋದರೆ ಮನೆ. ಸಾಲದ್ದಕ್ಕೆ ಮೂರ್ಛೆರೋಗದ ಹೆಸರು ಬೇರೆ. ತಾಯಿಗೆ ಇದೆ ಎಂದರೆ ಮಗಳನ್ನೂ ಊರು ಅದೇ ಕಣ್ಣಿನಲ್ಲಿ ನೋಡುತ್ತದೆ.

ಅಮರಮ್ಮ ಊರ ಔಷಧಾಲಯಕ್ಕೆ ಹೋಗದೆ, ಬಯಲಿನ ಸಂಬಂಧಿಕರ ಕೈಲಿ ಎಲ್ಲಿಂದಲೋ ಮಾತ್ರೆ ತರಿಸುತ್ತಿದ್ದಳು. ಬಂದಾಗ ನುಂಗುವುದು, ತೀರಿದರೆ ಬಿಡುವುದು. ಅಂಥ ಮಾತ್ರೆಯನ್ನು ಹಾಗೆ ಹಿಡಿದು ಬಿಟ್ಟು ಮಾಡಿದರೆ ರೋಗ ಇನ್ನೂ ಕೆರಳುತ್ತದೆ. ಪಾಪ, ಅದನ್ನು ಹೇಳುವವರು ಯಾರು? ಹೇಳಬೇಕಾದವರಿಂದಲೇ ಮುಚ್ಚಿಟ್ಟಿದ್ದಾಯಿತಲ್ಲ.

ಮತ್ತೆ ಬಂತು. ಮತ್ತೆ ಹುಸೇನಮ್ಮ ಹೂಂ ಅಂದಳು. ಮೂರನೆಯ ಸಲ ಬರುವಾಗ ಅವಳು ದೀಪಗಳನ್ನು ನೋಡುವುದನ್ನೇ ಬಿಟ್ಟು ಗೆಳತಿಯ ಮುಖವನ್ನು ನೋಡುತ್ತಾ ಕೂತಿದ್ದಳು. ಎರಡು ಕಣ್ಣಿಗೆ ಎರಡು ಕಾವಲು ಆಗುವುದಿಲ್ಲ. ತೊಟ್ಟಿಲು ತಳವನ್ನು ದಢಕ್ಕನೆ ಮುಟ್ಟಿ ಮುದುಕಿಯೊಬ್ಬಳು ಕೆಳಗೆ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಹಗ್ಗ ಹಿಗ್ಗಿದೆ ಎಂದು ಎಲ್ಲರೂ ಅಂದುಕೊಂಡರು.

“ನೀ ಇದ್ದೀಯಲ್ಲ ಬಾಜೂಕ,” ಅಂದಳು ಅಮರಮ್ಮ. “ನೀ ಇರೂತನಕ ನಂಗೇನು ಭಯ?”

ಹುಸೇನಮ್ಮನಿಗೆ ಅದೇ ಭಯವಾಗಿತ್ತು. ಬಾಯಲ್ಲಿಟ್ಟ ಬಿಸಿತುಪ್ಪ, ನುಂಗಲಾರಳು, ಉಗುಳಲಾರಳು.

ಉಗುಳಲು ಇನ್ನೊಂದು ಅಡ್ಡಿಯಿತ್ತು. ನರಪಟ್ಟಿ ಬಂದ ಹೊಸತರಲ್ಲಿ ಮಂಡಳಿ ಅದರಿಂದ ತೋಳಿನ ಇಚ್ಛೆಯನ್ನಷ್ಟೇ ಅಲ್ಲ, ಯಾರಿಗೆ ಅಧಿಕಾರಿಗಳ ಮೇಲೆ ಸಿಟ್ಟಿದೆ, ಯಾರು ಬಿಟ್ಟುಹೋಗುವ ಯೋಚನೆಯಲ್ಲಿದ್ದಾರೆ ಎಲ್ಲವನ್ನೂ ಹೆಕ್ಕುತ್ತಿತ್ತು. ಅದನ್ನು ನಿಲ್ಲಿಸಲು ಊರು ಕೆಲಸ ಬಿಟ್ಟು ಬಾವಿಯ ಬಾಯಿಗೆ ಅಡ್ಡ ಕೂತಿತ್ತು. ಬಿಸಿಲಿಗೆ ಇಬ್ಬರು ಸತ್ತಿದ್ದರು. ‘ತಲೆಯೊಳಗಿಂದು ತಲೆಯವರದು’ ಎಂಬ ಕೂಗನ್ನು ಕಟ್ಟಿದವಳೇ ಹುಸೇನಮ್ಮ. ಕೊನೆಗೆ ಮಂಡಳಿ ಸೋತು, ಪಟ್ಟಿ ತೋಳನ್ನು ಬಿಟ್ಟು ಬೇರೇನನ್ನೂ ಓದಬಾರದೆಂದು ಕಾನೂನಾಯಿತು. ಅದಕ್ಕೇ ಅಮರಮ್ಮನ ತಲೆಯೊಳಗೆ ಸಿಡಿಯುತ್ತಿದ್ದ ಮಿಂಚನ್ನು ಪಟ್ಟಿ ಕಂಡರೂ ಕಾಣದಂತಿರಬೇಕಿತ್ತು. ವೈದ್ಯರು ವರ್ಷಕ್ಕೊಮ್ಮೆ ‘ಮೂರ್ಛೆ ಏನಾದರೂ ಬರುತ್ತದೆಯೇ’ ಎಂದು ಬಾಯಿಮಾತಿನಲ್ಲಿ ಕೇಳುತ್ತಿದ್ದರು, ಬಂದ ಉತ್ತರವನ್ನು ನಂಬುತ್ತಿದ್ದರು. ಜನ ಜೀವ ಕೊಟ್ಟು ಗಳಿಸಿದ ನಂಬಿಕೆ ಅದು.

ಹುಸೇನಮ್ಮ ಕೊನೆಗೆ ಊರ ವೈದ್ಯ ಪಂಪಾಪತಿಯವರ ಮುಂದೆ ಹೋಗಿ ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, “ನಮ್ಮೋರು ಒಬ್ಬರದಾರ,” ಎಂದು ಶುರುಮಾಡಿದಳು.

ವೈದ್ಯರು ಕೈ ಎತ್ತಿ ತಡೆದರು. “ಹೆಸರು ಈಗಲೇ ಹೇಳಬ್ಯಾಡ್ರಿ. ಹೆಸರು ಕೇಳಿದ ಮ್ಯಾಲ ನಾನೂ ಸುಮ್ಮನಿರಾಕ ಆಗೂದಿಲ್ಲ. ಮೊದಲು ಸಂಗತಿ ಹೇಳ್ರಿ.”

ಹೇಳಿದಳು. ವೈದ್ಯರು ನಡುನಡುವೆ ಪ್ರಶ್ನೆ ಕೇಳಿದರು. ಎಷ್ಟು ಹೊತ್ತು ಇರುತ್ತದೆ? ಹೆಚ್ಚಾಗುತ್ತಿದೆಯೋ ಕಡಿಮೆಯೋ? ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಯಾರ ಜೀವವಿರುತ್ತದೆ?

“ಊರಿಂದು,” ಅಂದಳು ಹುಸೇನಮ್ಮ.

“ಆ ಊರಿನವರು ಈ ಅಪಾಯಕ್ಕ ಒಪ್ಪ್ಯಾರೇನು?”

“ಅವರಿಗೆ ಗೊತ್ತಿದ್ದರಲ್ಲ ಒಪ್ಪೂದು?”

“ಅಷ್ಟೇ ನೋಡ್ರಿ. ಆಕಿ ಅಡಿಗಿಮನ್ಯಾಗ ಬಿದ್ದು ಕೈ ಸುಟ್ಟುಕೊಂಡಳು ಅನ್ನೂದಾದರ ಅದು ಆಕಿ ಗುಟ್ಟು, ಆಕಿ ಕೈ. ಹೇಳಬ್ಯಾಡ ಅಂದ್ರ ನಾನೂ ಹೇಳೂದಿಲ್ಲ. ಇಲ್ಲಿ ಗುಟ್ಟು ಆಕಿದು, ಮುರಿಯೂ ಕಾಲು ಮಂದಿದು.” ಅವರು ಅವಳನ್ನೇ ನೋಡಿದರು. “ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ. ಗುಟ್ಟು ಕಾಯೂದು ಒಂದು, ಗುಟ್ಟಿಗೆ ದುಡಿಯೂದು ಇನ್ನೊಂದು. ನೀವು ಕಾಯ್ಲಿಕತ್ತಿಲ್ಲ. ಹೂಂ ಅಂದು ಅಂದು ದುಡಿಲಿಕತ್ತೀರಿ.”

ಹುಸೇನಮ್ಮನಿಗೆ ಕಣ್ಣು ತುಂಬಿ ಬಂತು. “ಹೇಳಿದ್ರ ಆಕಿ ಗಂಡ ಉಳಿಯೂದಿಲ್ರಿ.”

“ಅದೂ ಖರೇನ. ಮನಿ ಉಳಿಸಿಕೊಡ್ತೀನಿ ಅಂತ ನಾ ಮಾತು ಕೊಡಾಕ ಆಗೂದಿಲ್ಲ, ಮಂಡಳಿ ಮುಂದ ಜಗಳ ಮಾಡ್ತೀನಿ ಅಷ್ಟೇ. ಮೊದಲು ಆಕಿಗೇ ಹೇಳ್ರಿ. ಆಕಿ ತಾನಾಗಿ ಬಂದ್ರ ಎಲ್ಲಾರಿಗೂ ಛಲೋ. ಈ ರೋಗಕ್ಕ ಮಾತ್ರೆ ಐತಿ, ನೆಟ್ಟಗೆ ತಗೊಂಡ್ರ ಭಾಳ ಮಂದಿಗೆ ನಿಲ್ಲತೈತಿ. ಬರಲಿಲ್ಲ ಅಂದ್ರ ನೀವು ಬರ್ರಿ. ರೋಗದ ಕಥಿ ಎಲ್ಲಾ ಬ್ಯಾಡ. ‘ಇಂಥಾಕಿ ಪಟ್ಟಿ ಕಟ್ಟಬಾರದು’ ಅಂತ ನನಗೊಬ್ಬನಿಗೆ ಹೇಳಿದ್ರ ಸಾಕು. ನಾನೂ ಮುಂದ ಅಷ್ಟೇ ಹೇಳ್ತೀನಿ. ಊರಿಗೆ ಯಾಕ ಅಂತ ಗೊತ್ತಾಗೂದಿಲ್ಲ. ತಡ ಮಾಡಬ್ಯಾಡ್ರಿ. ತಡ ಆದಂಗ ಈ ಮಾತು ಸಣ್ಣ ದನ್ಯಾಗ ಹೇಳಾಕ ಬರೂದಿಲ್ಲ.”

ಆ ಸಂಜೆ ಹುಸೇನಮ್ಮ ಅಮರಮ್ಮನ ಮನೆಗೆ ಹೋದಳು. ಸಂಗಣ್ಣ ಚೌಕಾಬಾರದ ಕವಡೆ ಕೈಯಲ್ಲಿ ಹಿಡಿದು, “ಬಾ ತಂಗಿ, ಒಂದು ಆಟ,” ಅಂದ. “ಆಮೇಲೆ,” ಎಂದು ಹುಸೇನಮ್ಮ ಒಲೆಯ ಹತ್ತಿರಕ್ಕೆ, ಗೆಳತಿಯ ಬಳಿಗೆ ಹೋದಳು. ಅಮರಮ್ಮ ರೊಟ್ಟಿ ಬಡಿಯುತ್ತಿದ್ದಳು.

“ನಾಳೆ ನಂಗ ರಜಾ ಐತಿ, ಗೊತ್ತಲ್ಲ? ಅಕ್ಕನ ಮನಿಗೆ ಬಯಲಿಗೆ ಹೊಂಟೀನಿ. ನಾಳೆ ನೀ ಪಟ್ಟಿ ಕಟ್ಟಬ್ಯಾಡ. ಡಾಕ್ಟರ್ ಹತ್ರ ಹೋಗು. ಇಲ್ಲಾಂದ್ರ ನಾ ಬಂದ ಮ್ಯಾಲ ಇಬ್ರೂ ಕೂಡಿ ಹೋಗೋಣು.”

ಅಮರಮ್ಮನ ಕೈ ನಿಂತಿತು. “ತಲೆಯೊಳಗಿಂದು ತಲೆಯವರದು ಅಂತ ಕೂಗಿದಾಕಿ ನೀನ ಅಲ್ಲೇನು?”

“ಹೌದು, ನಾನ ಕೂಗಿದ್ದು. ಮಂಡಳಿಯವರು ನಮ್ಮ ತಲಿ ಕದಿಬಾರದು ಅಂತ ಕೂಗಿದ್ದು. ತೊಟ್ಟಿಲ್ಯಾಗಿನ ಕೂಸುಗಳ ಮ್ಯಾಲ ಕೂಗಿದ್ದಲ್ಲ.”

“ನನ್ನ ಗಂಡನ್ನ ಬಿಸಿಲಿಗೆ ಹಾಕಿ ಕೊಲ್ಲಂತೀಯೇನು?”

“ನೀ ಹೇಳಲಿಲ್ಲ ಅಂದ್ರ ನಾ ಹೇಳ್ತೀನಿ ಅಮರಿ,” ಅಂದಳು ಹುಸೇನಮ್ಮ. “ನಿನ್ನ ಬೆನ್ನ ಹಿಂದ ಅಲ್ಲ, ಮುಖ ನೋಡೇ ಹೇಳಾಕತ್ತೀನಿ. ನಾಳೆ ಕಟ್ಟಬ್ಯಾಡ. ತಿಳೀತಿಲ್ಲೊ?”

ರೊಟ್ಟಿ ಹಂಚಿನ ಮೇಲೆ ಕರಿದಾಗುತ್ತಿತ್ತು. ಅಮರಮ್ಮ ಅದನ್ನು ತಿರುವಿ ಹಾಕಿದಳು.

“ಹೂಂ,” ಅಂದಳು.

ಹುಸೇನಮ್ಮನ ಎದೆ ಹಗುರಾಯಿತು. ಸಂಗಣ್ಣನ ಜೊತೆ ಒಂದು ಆಟ ಆಡಿ, ಸೋತು, ಮನೆಗೆ ಹೋಗಿ ಮಲಗಿದಳು. ಹೂಂ ಎಂದರೆ ಒಪ್ಪಿದೆ ಎಂದೂ ಆಗುತ್ತದೆ, ಕೇಳಿಸಿತು ಎಂದು ಮಾತ್ರವೂ ಆಗುತ್ತದೆ. ಹುಟ್ಟಿದಾಗಿನಿಂದ ಹೂಂಗುಟ್ಟಿದವಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಬೇಕಾದ ಅರ್ಥ ಕೈಗೆ ಸಿಕ್ಕಾಗ ಬೇಡದ ಅರ್ಥವನ್ನು ಯಾರು ಹುಡುಕುತ್ತಾರೆ?

ಮರುದಿನ ಅಕ್ಕನನ್ನು ಕಂಡು, ಬಿಸಿಲು ಏರುವ ಮೊದಲೇ ಹುಸೇನಮ್ಮ ತಿರುಗಿ ಬಂದು ತೊಟ್ಟಿಲು ಹತ್ತಿದಳು. ಶಾಲೆಯ ಮಕ್ಕಳು, ತರಕಾರಿ ಬುಟ್ಟಿಯ ಹೆಂಗಸರು, ಹಿಂದಿನ ಗಣಿಯಲ್ಲಿ ದುಡಿದಿದ್ದ ಮುದುಕ ಹನುಮಂತಪ್ಪ, ನಿಲ್ಲಲು ಜಾಗವಿಲ್ಲದಷ್ಟು ಜನ. ಬಾಗಿಲು ಮುಚ್ಚಿತು. ತೊಟ್ಟಿಲು ಇಳಿಯತೊಡಗಿತು. ಇಳಿಯುವ ಹದ ಕಾಲಿಗೆ ತಾಗಿದ್ದೇ ಅವಳಿಗೆ ತಿಳಿಯಿತು. ಇಷ್ಟು ಹಗುರ ಕೈ ಊರಿನಲ್ಲಿ ಒಬ್ಬಳದೇ.

ಅಮರಿ ಪಟ್ಟಿ ಕಟ್ಟಿಬಿಟ್ಟಿದ್ದಾಳೆ.

‘ಅದೀರೇನು?’ ಅಂದಿತು ಸ್ಪೀಕರು.

‘ಹೂಂ.’ ಮಕ್ಕಳೂ ‘ಹೂಂ’ ಅಂದವು, ಹನುಮಂತಪ್ಪನೂ ಅಂದ.

ಹುಸೇನಮ್ಮ ಅನ್ನಲಿಲ್ಲ. ಸ್ಪೀಕರಿನ ಹೂಂ ಕೊನೆಯಲ್ಲಿ ಮೇಲಕ್ಕೆ ಹೋಗಲಿಲ್ಲ. ಅದು ತಾಯಮ್ಮನ ಹೂಂ, ಇವತ್ತು ತನ್ನ ಬದಲಿಗೆ ಪಕ್ಕದ ಕುರ್ಚಿಯಲ್ಲಿ ಕೂತವಳದು. ‘ನನ್ನ ಗಂಟಲು ಬಿದ್ದೈತಿ, ಇವತ್ತು ಹೂಂ ನೀನ ಅನ್ನು’ ಎಂದು ಅಮರಮ್ಮ ಆಕೆಗೆ ಹೇಳಿದ್ದು ಹುಸೇನಮ್ಮನಿಗೆ ಆಮೇಲೆ ಗೊತ್ತಾಯಿತು. ತಾಯಮ್ಮ ದೀಪಗಳ ಮೇಲಿನ ಕಣ್ಣು ತೆಗೆಯದೆ, ಕೇಳಿದಾಗಲೆಲ್ಲ ಹೂಂ ಅನ್ನುತ್ತಿದ್ದಳು. ಪಕ್ಕದವಳ ಮುಖ ನೋಡಬೇಕೆಂದು ಆಕೆಗೆ ಯಾರೂ ಹೇಳಿರಲಿಲ್ಲ.

ಹಳಿಯ ಎಲ್ಲಕ್ಕಿಂತ ದೊಡ್ಡ ಡೊಂಕು ಹತ್ತಿರವಾಗುತ್ತಿತ್ತು. ಅಲ್ಲಿಗೆ ಬರುವ ಮುಂಚೆ ತೊಟ್ಟಿಲು ನಿಧಾನವಾಗಲೇಬೇಕು. ವೇಗ ಮಿತಿ ಮೀರಿದರೆ ತಾನಾಗಿ ಬೀಳುವ ಬ್ರೇಕ್ ಒಂದಿತ್ತು, ಆದರೆ ನೇರ ಹಳಿಯ ಮಟ್ಟಿಗೆ ಈ ವೇಗ ಮಿತಿಯೊಳಗೇ ಇತ್ತು. ಡೊಂಕಿನ ಮಟ್ಟಿಗೆ ಸಾವು. ಹುಸೇನಮ್ಮ ಕಾಲಿನಲ್ಲಿ ಆ ನಿಧಾನಕ್ಕೆ ಕಾದಳು. ಬರಲಿಲ್ಲ. ಒಂದೇ ಸಮ, ಒಂದೇ ಸಮ ಇಳಿಯುತ್ತಿತ್ತು, ಯಾರೋ ಬಿಟ್ಟುಹೋದ ಇಚ್ಛೆಯ ಹಾಗೆ.

“ಎಲ್ಲಾರೂ ಕೆಳಗ ಕೂಡ್ರಿ, ಗಟ್ಟಿ ಹಿಡ್ಕೋರಿ,” ಎಂದು ಕೂಗಿ ಅವಳು ತಲೆಯ ಮೇಲಿನ ತುರ್ತು ಬ್ರೇಕಿನ ಸರಪಳಿಯನ್ನು ಜಗ್ಗಿದಳು.

ಬ್ರೇಕ್ ಕಚ್ಚಿತು. ಮಕ್ಕಳು ಚಿಕ್ಕವು, ಬೇಗ ಕೂತಿದ್ದವು. ದೊಡ್ಡವರಲ್ಲಿ ಕೆಲವರ ಮೊಣಕಾಲು, ಕೆಲವರ ಪಾದ ಮುರಿದವು. ಹನುಮಂತಪ್ಪನಿಗೆ ಬಗ್ಗಲು ಆಗಿರಲಿಲ್ಲ. ಅವನ ತಲೆ ಕಬ್ಬಿಣಕ್ಕೆ ಬಡಿಯಿತು.

ನರಳಾಟದ ನಡುವೆ ಗೋಡೆಯ ಫೋನು ಹೊಡೆದುಕೊಳ್ಳುತ್ತಿತ್ತು. ತಾಯಮ್ಮ ಗಾಬರಿಯಲ್ಲಿ ಕೇಳುತ್ತಿದ್ದಳು, ಯಾಕೆ ಜಗ್ಗಿದಿರಿ, ಬ್ರೇಕ್ ಬಿಡಲೇ, ಮತ್ತೆ ಇಳಿಸಲೇ? ಬ್ರೇಕ್ ಬಿಟ್ಟರೆ ಪಟ್ಟಿ ಹಿಡಿದು ಕೂತ ಇಚ್ಛೆ ಮತ್ತೆ ಇಳಿಸುತ್ತದೆ. ಈಗ ಅರ್ಧ ಮಾತಿಗೆ ಎಡೆಯಿರಲಿಲ್ಲ. ಸ್ಪೀಕರು ತೆರೆದಿತ್ತು, ಫೋನಿನ ಮಾತು ತಂಪುಮನೆಯ ಚೌಕದಲ್ಲಿ ಕಾಯುತ್ತಿದ್ದವರಿಗೂ ಕೇಳುತ್ತಿತ್ತು.

“ಬ್ರೇಕ್ ಬಿಡಬ್ಯಾಡ,” ಅಂದಳು ಹುಸೇನಮ್ಮ. “ಅಮರಮ್ಮಗ ಮೂರ್ಛೆ ಬಂದೈತಿ. ಮೊದಲು ಆಕಿ ಪಟ್ಟಿ ತಗಿ.”

ಒಬ್ಬ ವೈದ್ಯನ ಕಿವಿಯಲ್ಲಿ ಹೇಳಿ ಮುಗಿಸಬಹುದಾಗಿದ್ದ ಮಾತು ಹೀಗೆ ಇಡೀ ಊರಿನ ಕಿವಿಗೆ ಬಿತ್ತು.

ಹನುಮಂತಪ್ಪ ಮರುದಿನ ಸತ್ತ. ಸರಪಳಿ ಜಗ್ಗದಿದ್ದರೆ ಡೊಂಕಿನಲ್ಲಿ ತೊಟ್ಟಿಲು ಹಳಿ ಬಿಟ್ಟು ಒಬ್ಬರೂ ಉಳಿಯುತ್ತಿರಲಿಲ್ಲ ಎಂದು ತನಿಖೆಯವರು ಬರೆದರು. ಆಗದೇ ಹೋದದ್ದನ್ನು ಯಾರೂ ಕಣ್ಣಿಂದ ನೋಡಿರಲಿಲ್ಲ. ಹನುಮಂತಪ್ಪನ ಹೆಣವನ್ನು ಎಲ್ಲರೂ ನೋಡಿದ್ದರು. ಮೊದಲೇ ಗೊತ್ತಿದ್ದೂ ಸುಮ್ಮನಿದ್ದಳು ಎಂದು ಅರ್ಧ ಊರು ಹುಸೇನಮ್ಮನನ್ನು ಬೈಯಿತು, ಕೂಡಿ ಉಂಡವಳ ಮನೆ ಮುರಿದಳು ಎಂದು ಇನ್ನರ್ಧ. ಎರಡೂ ಸುಳ್ಳಲ್ಲ ಎಂದು ಅವಳಿಗೆ ಅನಿಸುತ್ತಿತ್ತು, ಅದೇ ನೋವು.

ಪಂಪಾಪತಿಯವರು ಮಂಡಳಿಯ ಮುಂದೆ ಜಗಳವಾಡಿದರು. ಸತ್ತವನ ಮನೆಯವರು ಅಳುತ್ತಾ ನಿಂತಿರುವಾಗ ಆ ಜಗಳಕ್ಕೆ ಬಲ ಬರಲಿಲ್ಲ. ಗುಟ್ಟು ಸಣ್ಣ ದನಿಯಲ್ಲಿ ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದು ಒಮ್ಮೆ ಅಂದು, ಅಂದದ್ದಕ್ಕೆ ತಾವೇ ನೊಂದುಕೊಂಡರು. ಅಮರಮ್ಮನ ಮನೆಯವರು ಬಯಲಿಗೆ ಹೋದರು. ವೈದ್ಯರ ಮಾತ್ರೆ ಹಿಡಿಯಿತು. ಮೂರ್ಛೆ ನಿಂತುಹೋಯಿತು, ಎಂದೂ ಇರಲಿಲ್ಲವೇನೋ ಅನ್ನುವಷ್ಟು. ಸಂಗಣ್ಣ ಆ ಬೇಸಿಗೆಯನ್ನು ದಾಟಲಿಲ್ಲ.

ಯಂತ್ರ ಈಗ ‘ಅದೀರೇನು’ ಎಂದು ಕೇಳುವುದಿಲ್ಲ. ಇವತ್ತು ಯಾವ ವಾರ, ತೊಟ್ಟಿಲಿನಲ್ಲಿ ಮಕ್ಕಳಿದ್ದಾರೋ ಇಲ್ಲವೋ, ಹೀಗೆ ಯೋಚಿಸಿ ಉತ್ತರಿಸಬೇಕಾದ್ದನ್ನು ಕೇಳುತ್ತದೆ. ಹೂಂ ಅಂದರೆ ಒಪ್ಪುವುದಿಲ್ಲ. ಪಟ್ಟಿಯವರ ಕೆಲಸ ಹೋದರೂ ರೋಗಿಗಳಿರುವ ಮನೆ ಕಿತ್ತುಕೊಳ್ಳಬಾರದೆಂದು ಊರು ಮತ್ತೊಮ್ಮೆ ಬಾವಿಯ ಬಾಯಿಗೆ ಅಡ್ಡ ಕೂತು ಗೆದ್ದಿತು. ಮನೆ ಉಳಿಯುತ್ತದೆಂದು ಗೊತ್ತಿದ್ದರೆ ಯಾರು ತಾನೇ ಬಚ್ಚಿಡುತ್ತಾರೆ? ಈ ಸಲ ಕೂಗು ಕಟ್ಟಲು ಹುಸೇನಮ್ಮನನ್ನು ಯಾರೂ ಕರೆಯಲಿಲ್ಲ. ಅವಳೇ ಹೋಗಿ ಕೊನೆಯ ಸಾಲಿನಲ್ಲಿ ಕೂತಳು.

ವಾರಕ್ಕೊಮ್ಮೆ ಅವಳು ಬಯಲಿನ ತಗಡಿನ ಮನೆಗೆ ಹೋಗುತ್ತಾಳೆ. ಶಾಂಭವಿ ಚೊಂಬಿನಲ್ಲಿ ನೀರು ತಂದಿಟ್ಟು ಮಾತಾಡದೆ ಒಳಗೆ ಹೋಗುತ್ತಾಳೆ. ಅಮರಮ್ಮ ಗೋಡೆಗೆ ಒರಗಿ ಕೂತಿರುತ್ತಾಳೆ, ಬಾ ಅನ್ನುವುದಿಲ್ಲ, ಹೋಗು ಅನ್ನುವುದೂ ಇಲ್ಲ. ಹುಸೇನಮ್ಮ ತನ್ನ ಅಜ್ಜಿಯ ಕಥೆಗಳನ್ನು ಹೇಳುತ್ತಾಳೆ. ‘ಒಂದೂರಾಗ ಒಬ್ಬ ರಾಜ ಇದ್ದ.’ ಹೇಳಿ ನಿಲ್ಲುತ್ತಾಳೆ, ಹೂಂ ಬರುವಷ್ಟು ಹೊತ್ತು. ಬರುವುದಿಲ್ಲ. ‘ಅವನಿಗೆ ಇಬ್ಬರು ಹೆಣ್ಣುಮಕ್ಕಳು.’ ಮತ್ತೆ ನಿಲ್ಲುತ್ತಾಳೆ. ಹೂಂ ಇಲ್ಲದ ಕಥೆಯನ್ನು ಕೊನೆಯವರೆಗೆ ಎಳೆಯುವುದು ಎಷ್ಟು ಕಷ್ಟವೆಂದು ಎಳೆದವರಿಗೇ ಗೊತ್ತು.

ಒಂದು ದಿನ ಕಥೆಯ ನಡುವೆ ಅಮರಮ್ಮನ ನೋಟ ಎಲ್ಲೋ ನಿಂತುಬಿಟ್ಟಿತು, ಕಣ್ಣು ಮಿಟುಕಲಿಲ್ಲ. ರೋಗ ತಿರುಗಿ ಬಂತೇ? ಹುಸೇನಮ್ಮ ಹತ್ತಿರ ಸರಿದು, ಗೆಳತಿಯ ಬೆರಳುಗಳನ್ನು ನೋಡಿದಳು. ಅವು ಮಡಿಲಿನಲ್ಲಿ ಸುಮ್ಮನಿದ್ದವು.

“ಅಮರಿ,” ಅಂದಳು ಮೆಲ್ಲಗೆ. “ಅದೀಯೇನು?”

ಅಮರಮ್ಮ ಮುಖ ತಿರುಗಿಸಿ ಅವಳನ್ನು ನೋಡಿದಳು. ನೋಟ ತಿಳಿಯಾಗಿತ್ತು, ಪೂರಾ ಎಚ್ಚರವಾಗಿತ್ತು.

“ಇಲ್ಲ,” ಅಂದಳು.